ಇಆರ್‌ಪಿ ಲೈಸೆನ್ಸ್ ರಿನ್ಯೂವಲ್: ಡಿಸ್ಕೌಂಟ್ ಕೇಳುವ ಮೊದಲು ತಲೆ ಎಣಿಸಿ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಲ್ಲಿರುವ ಉತ್ತರಗಳೆಲ್ಲ ಒಂದೇ ಕಂಪನಿಯ ಲೆಕ್ಕವನ್ನು ಹಿಡಿದು ಹೋಗುತ್ತವೆ. ಅದು ಉದಾಹರಣೆಗೆ ಅಂತ ನಾನೇ ಕಟ್ಟಿಕೊಂಡ ಕಂಪನಿ. ಅಲ್ಲಿ 180 ಲಾಗಿನ್ ಇವೆ, ಒಂದು ಗೋದಾಮು ಮೂರು ಶಿಫ್ಟ್ ನಡೆಯುತ್ತೆ, ಸಬ್‌ಸ್ಕ್ರಿಪ್ಷನ್ ಮುಗಿಯುತ್ತಾ ಬಂದಿದೆ. ದರಗಳು ಯಾವ ದೇಶದ ಹಣವೂ ಅಲ್ಲ. ಒಂದು ಪೂರ್ಣ ನೇಮ್ಡ್ ಲೈಸೆನ್ಸನ್ನು ಒಂದೇ ಸಲ ದುಡ್ಡು ಕೊಟ್ಟು ಕೊಂಡರೆ 100 ಅಂತ ಇಟ್ಟುಕೊಂಡಿದ್ದೇನೆ, ಉಳಿದದ್ದೆಲ್ಲ ಅದರ ಅಳತೆಯಲ್ಲಿದೆ.

ನೇಮ್ಡ್, ಕಂಕರೆಂಟ್, ಸಬ್‌ಸ್ಕ್ರಿಪ್ಷನ್: ಮೂರರಲ್ಲಿ ಯಾವುದು ಒಳ್ಳೆಯದು?

ಪ್ರಶ್ನೆಯಲ್ಲೇ ಸಣ್ಣ ಗೊಂದಲ ಇದೆ. ನೇಮ್ಡ್ ಮತ್ತು ಕಂಕರೆಂಟ್ ಅನ್ನುವುದು ಎಣಿಸುವ ರೀತಿ. ಸಬ್‌ಸ್ಕ್ರಿಪ್ಷನ್ ಅನ್ನುವುದು ದುಡ್ಡು ಕೊಡುವ ರೀತಿ. ಇವೆರಡೂ ಬೇರೆ ಬೇರೆ.

ನೇಮ್ಡ್ ಅಂದರೆ ಲೈಸೆನ್ಸ್ ಒಬ್ಬ ವ್ಯಕ್ತಿಯ ಹೆಸರಿಗೆ. ಅವರು ದಿನವಿಡೀ ಕೂತರೂ ಒಂದೇ, ತಿಂಗಳಿಗೊಮ್ಮೆ ಇಣುಕಿದರೂ ಒಂದೇ. ಕೆಲಸ ಬಿಟ್ಟು ಹೋದರೆ ಇನ್ನೊಬ್ಬರ ಹೆಸರಿಗೆ ಮಾಡಬಹುದು. ಆದರೆ ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಅಂತ ಹಂಚಿಕೊಳ್ಳುವ ಹಾಗಿಲ್ಲ. ಕಂಕರೆಂಟ್ ಅಂದರೆ ಬಸ್ ಸೀಟಿನ ಹಾಗೆ. ಯಾರು ಕೂತರು ಅನ್ನುವುದು ಮುಖ್ಯ ಅಲ್ಲ, ಒಂದೇ ಹೊತ್ತಿಗೆ ಎಷ್ಟು ಜನ ಒಳಗಿದ್ದಾರೆ ಅನ್ನುವುದಷ್ಟೇ ಲೆಕ್ಕ. ಸೀಟು ತುಂಬಿದ ಮೇಲೆ ಬಂದವರಿಗೆ ಲಾಗಿನ್ ಸಿಗುವುದಿಲ್ಲ.

ಈ ಎರಡರಲ್ಲಿ ಯಾವುದನ್ನೇ ಆದರೂ ಒಮ್ಮೆಗೇ ಕೊಳ್ಳಬಹುದು, ಇಲ್ಲವೇ ವರ್ಷವರ್ಷ ಕಟ್ಟುವ ಸಬ್‌ಸ್ಕ್ರಿಪ್ಷನ್‌ನಲ್ಲಿ ತೆಗೆದುಕೊಳ್ಳಬಹುದು. ಕಾಗದದ ಮೇಲೆ ನಾಲ್ಕು ಜೋಡಿ ಆಯ್ತು. ನಿಜದಲ್ಲಿ ಅಷ್ಟು ಸಿಗುವುದು ಕಷ್ಟ, ಯಾಕೆಂದರೆ ಸಬ್‌ಸ್ಕ್ರಿಪ್ಷನ್ ಕಡೆ ಹೋದ ಕಂಪನಿಗಳು ಹೆಚ್ಚಾಗಿ ನೇಮ್ಡ್ ಎಣಿಕೆಯನ್ನೇ ಹಿಡಿದಿವೆ. ಮೈಕ್ರೋಸಾಫ್ಟ್‌ನ ಡೈನಾಮಿಕ್ಸ್ ನ್ಯಾವ್ ಕಂಕರೆಂಟ್ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಅದರ ಜಾಗಕ್ಕೆ ಬಂದ ಬಿಸಿನೆಸ್ ಸೆಂಟ್ರಲ್ ನೇಮ್ಡ್. ಹಳೆಯದರಿಂದ ಹೊಸದಕ್ಕೆ ಹೋಗುವವರು "ಅದೇ ಸಂಖ್ಯೆ ಸಾಕು" ಅಂದುಕೊಂಡು ಎಡವುವುದು ಇಲ್ಲೇ.

ನಮ್ಮಲ್ಲಿ 180 ಲಾಗಿನ್ ಇವೆ. ಅಂದರೆ 180 ಲೈಸೆನ್ಸ್ ಬೇಕು, ಅಲ್ವಾ?

ಬಹುಶಃ ಬೇಡ. ರಿನ್ಯೂವಲ್‌ಗೆ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಹೆಚ್ಚು ದುಡ್ಡು ಉಳಿಸುವುದು ಇನ್ನೊಂದಿಲ್ಲ.

ಮೊದಲು ಪ್ರತಿ ಯೂಸರ್ ಕೊನೆಯ ಸಲ ಯಾವಾಗ ಲಾಗಿನ್ ಆದರು ಅನ್ನುವ ಪಟ್ಟಿ ತೆಗೆಯಿರಿ. ಎಸ್‌ಎಪಿಯಲ್ಲಿ ಇದಕ್ಕೆ `RSUSR200` ರಿಪೋರ್ಟ್ ಇದೆ. ನೇರವಾಗಿ ಟೇಬಲ್ ನೋಡುವುದಾದರೆ `USR02` ಒಳಗಿನ `TRDAT` ಕಾಲಂ. ಬೇರೆ ಇಆರ್‌ಪಿಗಳಲ್ಲೂ ಯೂಸರ್ ಪಟ್ಟಿಯ ಜೊತೆ ಇಂಥದ್ದೊಂದು ದಿನಾಂಕ ಇದ್ದೇ ಇರುತ್ತೆ.

ನಮ್ಮ ಕಂಪನಿಯಲ್ಲಿ 90 ದಿನದ ಪಟ್ಟಿ ತೆಗೆದಾಗ 30 ಜನ ಒಮ್ಮೆಯೂ ಒಳಗೆ ಬಂದಿರಲಿಲ್ಲ. ತಕ್ಷಣ ಅಷ್ಟನ್ನೂ ಕಿತ್ತು ಹಾಕಬೇಡಿ. ಪಟ್ಟಿಯನ್ನು 13 ತಿಂಗಳಿಗೆ ಹಿಗ್ಗಿಸಿ ನೋಡಿದರೆ, ಆ 30ರಲ್ಲಿ ನಾಲ್ವರು ವರ್ಷದ ಕೊನೆಯಲ್ಲಿ ಮಾತ್ರ ಬರುವವರು. ಸ್ಟಾಕ್ ಎಣಿಕೆಗೆ ಒಪ್ಪಿಗೆ ಕೊಡುವವರು, ಒಳ ಆಡಿಟ್‌ನವರು. 12 ತಿಂಗಳು ಸಾಲದಾ ಅಂತ ಕೇಳಬಹುದು. ವರ್ಷದ ಲೆಕ್ಕ ಮುಗಿಸುವ ಕೆಲಸ ಒಂದೊಂದು ವರ್ಷ ಒಂದೆರಡು ವಾರ ಹಿಂದೆ ಮುಂದೆ ಆಗುತ್ತೆ, ಅದಕ್ಕೇ 13. ಉಳಿದ 26 ಸತ್ತ ಲಾಗಿನ್‌ಗಳು: ಕೆಲಸ ಬಿಟ್ಟವರು, ವಿಭಾಗ ಬದಲಾದವರು, ಯಾವಾಗಲೋ ಟೆಸ್ಟ್‌ಗೆ ಅಂತ ಮಾಡಿ ಮರೆತವು.

ಆಮೇಲೆ ಬದುಕಿರುವ 154 ಜನ ಏನು ಮಾಡುತ್ತಾರೆ ನೋಡಿ. 113 ಜನ ದಿನವೂ ಎಂಟ್ರಿ ಹಾಕುವವರು. 41 ಜನ ಬರೀ ಅಪ್ರೂವಲ್ ಕೊಡುತ್ತಾರೆ, ಇಲ್ಲವೇ ರಿಪೋರ್ಟ್ ನೋಡುತ್ತಾರೆ. ಆ ನಾಲ್ವರೂ ಈ 41ರಲ್ಲೇ ಇದ್ದಾರೆ. ಇಂಥವರಿಗೆ ಕಡಿಮೆ ದರ್ಜೆಯ ಲೈಸೆನ್ಸ್ ಸಾಕು. ಬಿಸಿನೆಸ್ ಸೆಂಟ್ರಲ್‌ನಲ್ಲಿ ಅದರ ಹೆಸರು ಟೀಮ್ ಮೆಂಬರ್.

ಅವರು ಬರೀ ಅಪ್ರೂವಲ್ ಕೊಡುತ್ತಾರೆ ಅಂತ ಹೇಳಿದರೆ ವೆಂಡರ್ ಒಪ್ಪುತ್ತಾರಾ?

ಸುಮ್ನೆ ಹೇಳಿದರೆ ಒಪ್ಪುವುದಿಲ್ಲ. ಕೆಲವು ಒಪ್ಪಂದಗಳು ಯೂಸರ್ ಏನು ಮಾಡಿದರು ಅಂತ ನೋಡುವುದೇ ಇಲ್ಲ, ಅವರ ರೋಲ್‌ನಲ್ಲಿ ಏನು ಮಾಡಲು ಅನುಮತಿ ಇದೆ ಅಂತ ನೋಡುತ್ತವೆ. ಎಸ್‌ಎಪಿಯ ಎಸ್/4ಹಾನಾ ಕ್ಲೌಡ್‌ನಲ್ಲಿ ಎಣಿಕೆ ಎಫ್‌ಯುಇ ಅನ್ನುವ ಮಾನದಲ್ಲಿ ನಡೆಯುತ್ತೆ. ಒಬ್ಬ ಅಡ್ವಾನ್ಸ್ಡ್ ಯೂಸರ್‌ಗೆ ಒಂದು ಎಫ್‌ಯುಇ. ಅದೇ ಒಂದರಲ್ಲಿ ಐವರು ಕೋರ್ ಯೂಸರ್‌ಗಳು ಹಿಡಿಸುತ್ತಾರೆ, ಸೆಲ್ಫ್ ಸರ್ವೀಸ್ ಆದರೆ 30 ಜನ. ನಮ್ಮ 41 ಜನರನ್ನು ಅಡ್ವಾನ್ಸ್ಡ್ ಅಂತ ಬಿಟ್ಟರೆ 41 ಎಫ್‌ಯುಇ. ಕೋರ್‌ಗೆ ಇಳಿಸಿದರೆ 9 ಸಾಕು.

ಯಾರೋ ಮೂರು ವರ್ಷದ ಹಿಂದೆ ಅವಸರದಲ್ಲಿ "ಫೈನಾನ್ಸ್ ಫುಲ್" ರೋಲ್ ಕೊಟ್ಟು ಕೈ ತೊಳೆದುಕೊಂಡಿರುತ್ತಾರೆ. ಆ ರೋಲ್ ಸಿಕ್ಕವರು ಅದರ ಅನುಮತಿಯನ್ನು ಒಮ್ಮೆಯೂ ಬಳಸಿರುವುದಿಲ್ಲ, ಆದರೂ ಎಣಿಕೆಯಲ್ಲಿ ದುಬಾರಿ ಯೂಸರ್ ಆಗಿ ಬರುತ್ತಾರೆ. ಹಾಗಾಗಿ ಮೊದಲು ರೋಲ್ ಕತ್ತರಿಸಿ. ಒಂದು ತಿಂಗಳು ಯಾರಾದರೂ ಕೂಗುತ್ತಾರಾ ಕಾಯಿರಿ. ಆಮೇಲೆ ಎಣಿಕೆ ತೋರಿಸಿ.

ವೆಂಡರ್ 15% ಡಿಸ್ಕೌಂಟ್ ಕೊಡುತ್ತಿದ್ದಾರೆ, ಮೂರು ವರ್ಷಕ್ಕೆ ಸಹಿ ಹಾಕಿ ಅಂತಾರೆ. ಒಪ್ಪಿಕೊಳ್ಳೋಣವಾ?

ಯಾವ ಸಂಖ್ಯೆಯ ಮೇಲೆ ಡಿಸ್ಕೌಂಟ್ ಅಂತ ಮೊದಲು ಕೇಳಿ. ನಮ್ಮ ಕಂಪನಿ ಈಗ 180 ಪೂರ್ಣ ಸಬ್‌ಸ್ಕ್ರಿಪ್ಷನ್‌ಗೆ ಕಟ್ಟುತ್ತಿದೆ. ತಲೆಗೆ ವರ್ಷಕ್ಕೆ 48, ಒಟ್ಟು 8,640. ಅದರಲ್ಲಿ 15% ಬಿಟ್ಟರೆ 7,344. ಕೇಳಲು ಚೆನ್ನಾಗಿದೆ.

ಈಗ ನಿಮ್ಮ ಎಣಿಕೆ ಹಾಕಿ. 113 ಪೂರ್ಣ ಯೂಸರ್‌ಗಳಿಗೆ 48ರಂತೆ 5,424. 41 ಸಣ್ಣ ಯೂಸರ್‌ಗಳಿಗೆ 12ರಂತೆ 492. ಒಟ್ಟು 5,916. ಒಂದು ಪೈಸೆ ಡಿಸ್ಕೌಂಟ್ ಇಲ್ಲದೆಯೂ ಇದು 7,344ಕ್ಕಿಂತ 1,428 ಕಡಿಮೆ. ಡಿಸ್ಕೌಂಟಿನ ಮಾತು ಶುರುವಾಗಬೇಕಾದ್ದು ಇಲ್ಲಿಂದ.

ಇನ್ನೊಂದು ವಿಷಯ. ಆ 15% ಆಫರ್ ಹೆಚ್ಚಾಗಿ "ಈಗಿನ ಸಂಖ್ಯೆ ಇಳಿಸುವಂತಿಲ್ಲ" ಅನ್ನುವ ಷರತ್ತಿನ ಜೊತೆ ಬರುತ್ತೆ. ಅದು ಕೊಟೇಶನ್‌ನ ಮೊದಲ ಪುಟದಲ್ಲಿ ಇರುವುದಿಲ್ಲ, ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ.

ಶಿಫ್ಟ್‌ನಲ್ಲಿ ಕೆಲಸ ಮಾಡುವವರಿಗೆ ಕಂಕರೆಂಟ್ ಅಗ್ಗ ಅಂತಾರಲ್ಲ?

ಹೌದು ಅಂತ ಎಲ್ಲರೂ ಹೇಳುತ್ತಾರೆ. ಲಾಗ್ ತೆಗೆದು ನೋಡಿದರೆ ಅಷ್ಟು ಸಲೀಸಾಗಿಲ್ಲ. ಇಲ್ಲಿ ಒಮ್ಮೆಗೇ ಕೊಳ್ಳುವ ಬೆಲೆಯಲ್ಲೇ ಲೆಕ್ಕ ಮಾಡೋಣ.

ನಮ್ಮ ಗೋದಾಮಿನಲ್ಲಿ 45 ಜನ, ಮೂರು ಶಿಫ್ಟ್, ಶಿಫ್ಟಿಗೆ 15. ನೇಮ್ಡ್ ಆದರೆ 45 × 100 = 4,500. ಕಂಕರೆಂಟ್ ಲೈಸೆನ್ಸ್ ಒಂದಕ್ಕೆ ಬೆಲೆ ಜಾಸ್ತಿ, 240 ಅಂತ ಇಟ್ಟುಕೊಳ್ಳಿ. 15 × 240 = 3,600. ಲಾಭ ಅನ್ನಿಸುತ್ತೆ.

ಆದರೆ ಲಾಗ್‌ನಲ್ಲಿ ಪೀಕ್, ಅಂದರೆ ಒಂದೇ ಹೊತ್ತಿಗೆ ಒಳಗಿದ್ದ ಅತಿ ಹೆಚ್ಚು ಸಂಖ್ಯೆ, 15 ಇರಲಿಲ್ಲ, 22 ಇತ್ತು. ಅದೂ ದಿನಕ್ಕೆ ಮೂರೇ ಸಲ, ತಲಾ ಅರ್ಧ ಗಂಟೆ. ಶಿಫ್ಟ್ ಬದಲಾಗುವ ಹೊತ್ತು. ಹೋಗುವವರಲ್ಲಿ ಏಳು ಜನ ಸ್ಕ್ಯಾನರನ್ನು ಚಾರ್ಜರ್‌ಗೆ ಸಿಕ್ಕಿಸಿ ಹೊರಟುಬಿಡುತ್ತಿದ್ದರು, ಲಾಗ್ ಔಟ್ ಮಾಡುತ್ತಿರಲಿಲ್ಲ. ಅವರ ಸೆಷನ್ ಹಾಗೇ ಬದುಕಿರುತ್ತಿತ್ತು, ಅಷ್ಟರಲ್ಲಿ ಹೊಸ 15 ಜನ ಒಳಗೆ ಬರುತ್ತಿದ್ದರು. 22 × 240 = 5,280. ನೇಮ್ಡ್‌ಗಿಂತ ದುಬಾರಿ!

ಸುಮ್ಮನಿರುವ ಸೆಷನ್ ತಾನಾಗಿ ಮುಚ್ಚುವ ಸಮಯವನ್ನು ಇಳಿಸಿದರೆ ಇದು ಸರಿಹೋಗುತ್ತೆ. ಎಸ್‌ಎಪಿ ಗುಯಿಯಲ್ಲಿ ಇದರ ಪ್ಯಾರಾಮೀಟರ್ `rdisp/gui_auto_logout`, ಅದರಲ್ಲಿ ಸಮಯ ಹಾಕುವುದು ಸೆಕೆಂಡುಗಳಲ್ಲಿ. ಹಾಗೆ ಮಾಡಿ ಪೀಕ್ 16ಕ್ಕೆ ಇಳಿಯಿತು ಅನ್ನಿ. ಎರಡು ಸೀಟು ಕೈಯಲ್ಲಿ ಇಟ್ಟುಕೊಂಡರೆ 18 × 240 = 4,320. ನೇಮ್ಡ್‌ಗಿಂತ 180 ಉಳಿತಾಯ.

ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಾ? ನಾನಾದರೆ ಇಲ್ಲ. ಹತ್ತೊಂಬತ್ತನೆಯವರಿಗೆ ಲಾಗಿನ್ ಸಿಗದೆ ಹೊರಗೆ ಲಾರಿ ಕಾಯುತ್ತಾ ನಿಂತರೆ ಆ 180 ಒಂದೇ ಸಂಜೆಯಲ್ಲಿ ಕರಗುತ್ತೆ. ಲೆಕ್ಕದ ದಾರಿ ಮಾತ್ರ ನೆನಪಿಟ್ಟುಕೊಳ್ಳಿ. ಕಂಕರೆಂಟ್ ಬೆಲೆ ನೇಮ್ಡ್‌ನ 2.4 ಪಟ್ಟು ಇದ್ದರೆ, ಒಟ್ಟು ತಲೆಗಳನ್ನು ಕೊಳ್ಳಬೇಕಾದ ಸೀಟುಗಳಿಂದ ಭಾಗಿಸಿದಾಗ ಬರುವ ಉತ್ತರ 2.4ಕ್ಕಿಂತ ಚೆನ್ನಾಗಿಯೇ ಮೇಲಿರಬೇಕು. ಇಲ್ಲಿ 45 ÷ 18 = 2.5, ಅಂಚಿನಲ್ಲಿದೆ. ಒಂದೇ ಹೊತ್ತಿಗೆ ಕೂರುವ ಆಫೀಸಿನವರಿಗೆ ಈ ಉತ್ತರ ಒಂದರ ಹತ್ತಿರವೇ ಬರುತ್ತೆ, ಅವರಿಗೆ ಕಂಕರೆಂಟ್ ಯೋಚಿಸುವುದೇ ಬೇಡ.

ಮೂರನೆಯ ದಾರಿಯೂ ಉಂಟು: ಡಿವೈಸ್ ಲೈಸೆನ್ಸ್. ಇದು ಮನುಷ್ಯರನ್ನು ಎಣಿಸುವುದಿಲ್ಲ, ಸ್ಕ್ಯಾನರ್ ಅಥವಾ ಟರ್ಮಿನಲ್ ಎಣಿಸುತ್ತೆ. ಮೂರು ಶಿಫ್ಟ್‌ನವರೂ ಅದೇ 15 ಸ್ಕ್ಯಾನರ್ ಹಿಡಿಯುವುದಾದರೆ 15 ಲೈಸೆನ್ಸ್ ಸಾಕು. ಡೈನಾಮಿಕ್ಸ್ ಸಾಲಿನಲ್ಲಿ ಇದು ಸಿಗುತ್ತೆ. ನಿಮ್ಮ ವೆಂಡರ್ ಬಾಯಿಬಿಟ್ಟು ಹೇಳದಿರಬಹುದು, ನೀವೇ ಕೇಳಿ.

ಪೀಕ್ ಎಷ್ಟು ಅಂತ ಕಂಡುಹಿಡಿಯುವುದು ಹೇಗೆ?

ಸೆಷನ್ ಲಾಗ್‌ನಲ್ಲಿ ಲಾಗಿನ್ ಸಮಯ, ಲಾಗ್ ಔಟ್ ಸಮಯ ಎರಡೂ ಇದ್ದರೆ ಒಂದು ಕ್ವೆರಿ ಸಾಕು. ಒಳಗೆ ಬಂದಾಗ ಒಂದು ಕೂಡಿಸಿ, ಹೊರಗೆ ಹೋದಾಗ ಒಂದು ಕಳೆಯಿರಿ.

```sql
SELECT t, SUM(d) OVER (ORDER BY t, d) AS live
FROM (
  SELECT login_at AS t, 1 AS d FROM sessions
  UNION ALL
  SELECT logout_at, -1 FROM sessions
) x
ORDER BY live DESC
LIMIT 20;
```

ಟೇಬಲ್ ಮತ್ತು ಕಾಲಂ ಹೆಸರು ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ. ಒಂದು ಎಚ್ಚರ: ನೆಟ್‌ವರ್ಕ್ ಹೋಗಿ ಬಿದ್ದ ಸೆಷನ್‌ಗಳಲ್ಲಿ `logout_at` ಖಾಲಿ ಇರುತ್ತೆ. ಹಾಗೇ ಬಿಟ್ಟರೆ ಅವರು ಹೊರಗೇ ಹೋಗಿಲ್ಲ ಅಂತ ಲೆಕ್ಕವಾಗಿ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತೆ. ಖಾಲಿ ಜಾಗಕ್ಕೆ ಆ ಸೆಷನ್‌ನ ಕೊನೆಯ ಚಟುವಟಿಕೆಯ ಸಮಯ ತುಂಬಿ. ಉತ್ತರ ದಿನಗಳೆದಂತೆ ಇಳಿಯದೆ ಏರುತ್ತಲೇ ಇದ್ದರೆ ಇದನ್ನೇ ಮರೆತಿದ್ದೀರಿ ಅಂತ ಅರ್ಥ.

ಒಬ್ಬರೇ ಎರಡು ವಿಂಡೋ ತೆರೆದರೆ ಒಂದು ಎಣಿಕೆಯೋ ಎರಡೋ? ಅದನ್ನು ತೀರ್ಮಾನಿಸುವುದು ಒಪ್ಪಂದ. "ಯೂಸರ್" ಅಂತ ಬರೆದಿದೆಯಾ, "ಸೆಷನ್" ಅಂತ ಬರೆದಿದೆಯಾ ನೋಡಿ. ಆ ಒಂದು ಪದದಲ್ಲಿ ಪೀಕ್ ಬಹಳ ಬದಲಾಗಬಹುದು.

ಪಾಸ್‌ವರ್ಡ್ ಹಂಚಿಕೊಂಡು ನಡೆಸುತ್ತಿದ್ದೇವೆ. ಯಾರಿಗೆ ಗೊತ್ತಾಗುತ್ತೆ?

ಲಾಗ್‌ಗೆ ಗೊತ್ತಾಗುತ್ತೆ. ಒಂದೇ ಐಡಿ ಒಂದೇ ಹೊತ್ತಿಗೆ ಎರಡು ಕಂಪ್ಯೂಟರ್‌ನಲ್ಲಿ ತೆರೆದಿರುತ್ತೆ, ಇಲ್ಲವೇ ದಿನಕ್ಕೆ 20 ಗಂಟೆ ಕೆಲಸ ಮಾಡಿರುತ್ತೆ. ಲೈಸೆನ್ಸ್ ಆಡಿಟ್‌ನವರು ಮೊದಲು ಹುಡುಕುವುದೇ ಇದನ್ನ. ರಿನ್ಯೂವಲ್ ಮಾತುಕತೆ ಶುರುವಾಗುವ ಮೊದಲೇ ಸರಿಮಾಡಿಕೊಳ್ಳಿ. ಮಾತುಕತೆ ಅರ್ಧ ನಡೆದಾಗ ಆಡಿಟ್ ಪತ್ರ ಬಂದರೆ ಜೋರು ಮಾಡಲು ನಿಮಗೆ ದನಿಯೇ ಇರುವುದಿಲ್ಲ.

ಸಬ್‌ಸ್ಕ್ರಿಪ್ಷನ್ ಬಿಟ್ಟು ಒಮ್ಮೆಗೇ ಕೊಂಡುಬಿಟ್ಟರೆ ಹೇಗೆ?

ನಮ್ಮ ಎಣಿಕೆಗೆ ಒಮ್ಮೆಗೇ ಕೊಂಡರೆ 113 × 100 ಮತ್ತು ಸಣ್ಣ ಲೈಸೆನ್ಸ್ 41 × 25, ಒಟ್ಟು 12,325. ಅಲ್ಲಿಗೆ ಮುಗಿಯಲಿಲ್ಲ, ವರ್ಷವರ್ಷ ಮೇಂಟೆನೆನ್ಸ್ ಉಂಟು. ಒರೇಕಲ್‌ನಲ್ಲಿ ಅದು ಲೈಸೆನ್ಸ್ ಬೆಲೆಯ 22% ಅಂತ ಎಲ್ಲರಿಗೂ ಗೊತ್ತು. ಅದೇ ದರ ಹಿಡಿದರೆ ಇಲ್ಲಿ ವರ್ಷಕ್ಕೆ ಸುಮಾರು 2,710. ಸಬ್‌ಸ್ಕ್ರಿಪ್ಷನ್ 5,916. ವರ್ಷದ ವ್ಯತ್ಯಾಸ 3,200 ಚಿಲ್ಲರೆ, ಹಾಗಾಗಿ ನಾಲ್ಕು ವರ್ಷದೊಳಗೆ ಅಸಲು ಬಂತು ಅನ್ನಿಸುತ್ತೆ.

ಆದರೆ ಸಬ್‌ಸ್ಕ್ರಿಪ್ಷನ್‌ನಲ್ಲಿ ಸರ್ವರ್, ಬ್ಯಾಕಪ್, ಅಪ್‌ಗ್ರೇಡ್ ಅವರ ತಲೆನೋವು. ಕೊಂಡರೆ ನಿಮ್ಮದು. ಅದಕ್ಕೆ ವರ್ಷಕ್ಕೆ 1,400 ಅಂತ ಸೇರಿಸಿ ನೋಡಿ. ಅಸಲು ಬರುವುದು ಸುಮಾರು ಏಳನೇ ವರ್ಷಕ್ಕೆ. ಅಷ್ಟು ವರ್ಷ ಇದೇ ಇಆರ್‌ಪಿ ಇಟ್ಟುಕೊಳ್ಳುತ್ತೀರಾ ಅನ್ನುವುದೇ ಪ್ರಶ್ನೆ. ಇದಕ್ಕೆ ಉತ್ತರ ಐಟಿಯವರ ಹತ್ತಿರ ಇರುವುದಿಲ್ಲ, ಕಂಪನಿ ನಡೆಸುವವರನ್ನು ಕೇಳಿ.

ಸರಿ, ರಿನ್ಯೂವಲ್‌ನಲ್ಲಿ ನಿಜವಾಗಿ ಏನು ಕೇಳಬೇಕು?

ನಾನು ಮೊದಲು ಕೇಳುವುದು ಸಂಖ್ಯೆ ಇಳಿಸುವ ಹಕ್ಕು. ವರ್ಷಕ್ಕೊಮ್ಮೆ, ವಾರ್ಷಿಕ ದಿನದಂದು, ಒಟ್ಟು ಲೈಸೆನ್ಸ್‌ನಲ್ಲಿ ಇಷ್ಟು ಪ್ರತಿಶತ ದಂಡವಿಲ್ಲದೆ ಬಿಡಬಹುದು ಅಂತ ಬರೆಸಿ. ಬಹಳಷ್ಟು ಒಪ್ಪಂದಗಳಲ್ಲಿ ಏರಿಸಲು ಯಾವಾಗ ಬೇಕಾದರೂ ಬಾಗಿಲು ತೆರೆದಿರುತ್ತೆ, ಇಳಿಸಲು ಅವಧಿ ಮುಗಿಯುವವರೆಗೆ ಕಾಯಬೇಕು. ಒಂದು ವಿಭಾಗ ಮುಚ್ಚಿದರೂ ಅಲ್ಲಿನ 20 ಲೈಸೆನ್ಸ್‌ಗೆ ಎರಡು ವರ್ಷ ಕಟ್ಟುತ್ತಲೇ ಇರಬೇಕಾಗುತ್ತೆ. ಡಿಸ್ಕೌಂಟ್‌ನಲ್ಲಿ ಎರಡು ಪ್ರತಿಶತ ಬಿಟ್ಟುಕೊಟ್ಟಾದರೂ ಇದನ್ನು ತೆಗೆದುಕೊಳ್ಳುತ್ತೇನೆ.

ಪೂರ್ತಿ ಇಳಿಸಲು ವೆಂಡರ್ ಒಪ್ಪದಿದ್ದರೆ ಅದಲು ಬದಲಿನ ಹಕ್ಕು ಕೇಳಿ. ಒಟ್ಟು ಮೊತ್ತ ಅಷ್ಟೇ ಇರಲಿ, ಆದರೆ ಬೇಡದ ಪೂರ್ಣ ಲೈಸೆನ್ಸ್ ಕೊಟ್ಟು ಅದೇ ಬೆಲೆಗೆ ಸಣ್ಣ ಲೈಸೆನ್ಸ್ ಅಥವಾ ಬೇರೆ ಮಾಡ್ಯೂಲ್ ತೆಗೆದುಕೊಳ್ಳುವ ಹಾಗಿರಲಿ. ಅವರ ಆದಾಯ ಇಳಿಯುವುದಿಲ್ಲ ಅನ್ನುವ ಕಾರಣಕ್ಕೆ ಇದಕ್ಕೆ ಬೇಗ ಒಪ್ಪುತ್ತಾರೆ.

ಆಮೇಲೆ ಮುಂದಿನ ರಿನ್ಯೂವಲ್‌ನ ಏರಿಕೆಗೆ ಮಿತಿ. ಡಿಸ್ಕೌಂಟ್ ಈ ಅವಧಿಗೆ ಮಾತ್ರ, ಮುಂದಿನ ಸಲ ಪಟ್ಟಿಯ ಬೆಲೆ ಅಂತ ಇದ್ದರೆ ಈಗ ಗೆದ್ದದ್ದೆಲ್ಲ ಆಗ ವಾಪಸ್ ಹೋಗುತ್ತೆ. 5,916 ವರ್ಷಕ್ಕೆ 7% ಏರಿದರೆ ಮೂರು ಏರಿಕೆಯ ನಂತರ 7,247. 3% ಆದರೆ 6,465. ಮಿತಿಯನ್ನು ಈಗ ಕಟ್ಟುತ್ತಿರುವ ದರದ ಮೇಲೆ ಬರೆಸಿ, ಪಟ್ಟಿಯ ಬೆಲೆಯ ಮೇಲಲ್ಲ. ಈ ಎರಡರ ನಡುವಿನ ವ್ಯತ್ಯಾಸ ಎಷ್ಟೋ ಜನ ಸಹಿ ಹಾಕಿದ ಮೇಲೆ ನೋಡುತ್ತಾರೆ.

ಮಧ್ಯೆ ಸೇರಿಸುವ ಲೈಸೆನ್ಸ್‌ಗೂ ಇದೇ ದರ ಅಂತ ಇರಲಿ, ಮತ್ತು ಅವೂ ಮುಖ್ಯ ಒಪ್ಪಂದದ ದಿನವೇ ಮುಗಿಯಲಿ. ಇಲ್ಲದಿದ್ದರೆ ನಾಲ್ಕು ಬೇರೆ ಬೇರೆ ಮುಗಿಯುವ ದಿನಗಳಾಗಿ, ಯಾವತ್ತೂ ಪೂರ್ತಿ ಬಿಟ್ಟು ಹೋಗಲು ಆಗುವುದಿಲ್ಲ.

ನಮ್ಮ ಆನ್‌ಲೈನ್ ಅಂಗಡಿ ಇಆರ್‌ಪಿಗೆ ಆರ್ಡರ್ ಕಳಿಸುತ್ತೆ. ಅದಕ್ಕೂ ಲೈಸೆನ್ಸ್ ಬೇಕಾ?

ಬೇಕಾಗಬಹುದು. ಎಪಿಐ ಮೂಲಕ ಒಂದೇ ಟೆಕ್ನಿಕಲ್ ಐಡಿ ಲಾಗಿನ್ ಆಗುತ್ತೆ, ಹಾಗಾಗಿ ಒಂದೇ ಲೈಸೆನ್ಸ್ ಅಂದುಕೊಳ್ಳಬೇಡಿ. 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಎಸ್‌ಎಪಿ ಮತ್ತು ಮದ್ಯದ ಕಂಪನಿ ಡಿಯಾಜಿಯೋ ನಡುವಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. ಡಿಯಾಜಿಯೋದ ಸೇಲ್ಸ್‌ನವರು ಮತ್ತು ಗ್ರಾಹಕರು ಸೇಲ್ಸ್‌ಫೋರ್ಸ್ ಮೇಲೆ ಕಟ್ಟಿದ ಆಪ್‌ಗಳ ಮೂಲಕ ಎಸ್‌ಎಪಿಯನ್ನು ಪರೋಕ್ಷವಾಗಿ ಬಳಸುತ್ತಿದ್ದರು. ಅದಕ್ಕೂ ಲೈಸೆನ್ಸ್ ಬೇಕಿತ್ತು ಅಂತ ಕೋರ್ಟ್ ಹೇಳಿತು. ಎಸ್‌ಎಪಿ ಕೇಳಿದ್ದ ಮೊತ್ತ 5.4 ಕೋಟಿ ಪೌಂಡ್‌ಗಿಂತ ಜಾಸ್ತಿ. ಮರುವರ್ಷ ಎಸ್‌ಎಪಿ ಜನರ ಬದಲು ದಾಖಲೆಗಳನ್ನು ಎಣಿಸುವ ಡಿಜಿಟಲ್ ಆಕ್ಸೆಸ್ ಮಾದರಿ ತಂದಿತು.

ಮೈಕ್ರೋಸಾಫ್ಟ್ ಇದನ್ನು ಮಲ್ಟಿಪ್ಲೆಕ್ಸಿಂಗ್ ಅನ್ನುತ್ತೆ: ಮಧ್ಯೆ ಇನ್ನೊಂದು ಸಾಫ್ಟ್‌ವೇರ್ ಇಟ್ಟ ಮಾತ್ರಕ್ಕೆ ಬೇಕಾದ ಲೈಸೆನ್ಸ್ ಸಂಖ್ಯೆ ಕಡಿಮೆಯಾಗುವುದಿಲ್ಲ. ರಿನ್ಯೂವಲ್ ಹೊತ್ತಿಗೆ ನಿಮ್ಮ ಇಆರ್‌ಪಿ ಜೊತೆ ಮಾತಾಡುವ ಪ್ರತಿ ಸಿಸ್ಟಂನ ಹೆಸರನ್ನು ಪಟ್ಟಿ ಮಾಡಿ, "ಇವುಗಳ ಬಳಕೆ ಈ ಶುಲ್ಕದಲ್ಲೇ ಸೇರಿದೆ" ಅಂತ ಒಪ್ಪಂದಕ್ಕೆ ಅಂಟಿಸಿ. ಸೇಲ್ಸ್‌ನವರು ಫೋನಿನಲ್ಲಿ "ಏನೂ ತೊಂದರೆ ಇಲ್ಲ ಸಾರ್" ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಮಾತುಕತೆ ಯಾವಾಗ ಶುರು ಮಾಡಬೇಕು?

ಒಪ್ಪಂದ ಮುಗಿಯುವ ದಿನವನ್ನು ಮರೆತುಬಿಡಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಕಾದ್ದು ನೋಟಿಸ್ ಕೊಡಬೇಕಾದ ಕೊನೆಯ ದಿನ. "90 ದಿನ ಮೊದಲು ಲಿಖಿತವಾಗಿ ತಿಳಿಸದಿದ್ದರೆ ಇದೇ ಸಂಖ್ಯೆಗೆ ತಾನಾಗಿ ಮುಂದುವರಿಯುತ್ತದೆ" ಅನ್ನುವಂಥ ಸಾಲು ಎಲ್ಲೋ ಇರುತ್ತೆ.

ನಾನು ಇದರಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಎಣಿಕೆ ಎಲ್ಲ ಮುಗಿಸಿ, ಸತ್ತ ಲಾಗಿನ್‌ಗಳ ಪಟ್ಟಿ ಹಿಡಿದು, ಮುಗಿಯಲು ಇನ್ನೂ 70 ದಿನ ಇದೆ ಅಂತ ಜಂಬದಿಂದ ಮೇಲ್ ಕಳಿಸಿದೆ. ವೆಂಡರ್ ಕಡೆಯಿಂದ ಬಂದದ್ದು ಎರಡೇ ಸಾಲಿನ ಉತ್ತರ: ನೋಟಿಸ್ ಅವಧಿ 20 ದಿನದ ಹಿಂದೆ ಮುಗಿದಿದೆ, ಒಂದು ವರ್ಷಕ್ಕೆ ಮುಂದುವರಿದಿದೆ. ಇಡೀ ವರ್ಷ ಇಲ್ಲದವರ ಹೆಸರಿಗೆ ದುಡ್ಡು ಕಟ್ಟಿದೆವು. ಪ್ರತಿ ತಿಂಗಳು ಬಿಲ್ ಪಾಸ್ ಮಾಡುವಾಗ ಅಕೌಂಟ್ಸ್‌ನವರು ನನ್ನ ಮುಖ ನೋಡುತ್ತಿದ್ದರು.

ಈಗ ಮಾಡುವುದು ಹೀಗೆ. ಮುಗಿಯಲು ಒಂಬತ್ತು ತಿಂಗಳಿದ್ದಾಗ ಲಾಗ್ ತೆಗೆಯುತ್ತೇನೆ. ಏಳು ತಿಂಗಳಿದ್ದಾಗ ರೋಲ್ ಕತ್ತರಿಸಿ ಮುಗಿದಿರುತ್ತೆ. ಐದು ತಿಂಗಳಿದ್ದಾಗ "ಈಗಿನ ಷರತ್ತಿನಲ್ಲಿ ಮುಂದುವರಿಸುವುದಿಲ್ಲ, ಹೊಸದಾಗಿ ಮಾತಾಡೋಣ" ಅಂತ ನೋಟಿಸ್ ಹೋಗುತ್ತೆ. ನೋಟಿಸ್ ಯಾವ ವಿಳಾಸಕ್ಕೆ, ಇಮೇಲ್ ಸಾಕಾ, ಅಂಚೆಯೇ ಆಗಬೇಕಾ ಅನ್ನುವುದನ್ನೂ ಒಪ್ಪಂದದಲ್ಲೇ ನೋಡಿಕೊಳ್ಳಿ. ನಮ್ಮ ಅಕೌಂಟ್ ಮ್ಯಾನೇಜರ್‌ಗೆ ಮೇಲ್ ಮಾಡಿದ್ದೆವಲ್ಲ ಅನ್ನುವುದು ನೋಟಿಸ್ ಅಂತ ಲೆಕ್ಕವಾಗದೇ ಹೋಗಬಹುದು.

ಕೊಂಡ ಲೈಸೆನ್ಸ್‌ಗಳಲ್ಲಿ ಬೇಡದ್ದಕ್ಕೆ ಮೇಂಟೆನೆನ್ಸ್ ನಿಲ್ಲಿಸಬಹುದಾ?

ಕೇಳಬಹುದು, ಆದರೆ ಉಳಿತಾಯವನ್ನು ಮೊದಲೇ ಬಜೆಟ್‌ಗೆ ಹಾಕಬೇಡಿ. ಒರೇಕಲ್ ಥರದ ಕಡೆ, ಒಂದಷ್ಟು ಲೈಸೆನ್ಸ್‌ನ ಸಪೋರ್ಟ್ ಬಿಟ್ಟರೆ ಉಳಿದವುಗಳ ಸಪೋರ್ಟನ್ನು ಹೊಸ ದರದಲ್ಲಿ ಮತ್ತೆ ಲೆಕ್ಕ ಹಾಕುವ ನಿಯಮ ಇದೆ. ಹೆಚ್ಚು ಕೊಂಡಿದ್ದಕ್ಕೆ ಆಗ ಸಿಕ್ಕಿದ್ದ ಡಿಸ್ಕೌಂಟ್ ಈಗ ಕಡಿಮೆ ಸಂಖ್ಯೆಗೆ ಅನ್ವಯಿಸುವುದಿಲ್ಲ ಅನ್ನುವುದು ಅವರ ವಾದ. ಕೊನೆಗೆ ಬಿಲ್ ಹೆಚ್ಚು ಕಡಿಮೆ ಅಷ್ಟೇ ನಿಲ್ಲಬಹುದು.

ಬಿಟ್ಟು ಹೋಗುವುದಾದರೆ ನಮ್ಮ ಡೇಟಾ?

ಸಬ್‌ಸ್ಕ್ರಿಪ್ಷನ್ ಮುಗಿದ ಮೇಲೆ ಎಷ್ಟು ದಿನ ಓದಲು ಬಿಡುತ್ತಾರೆ, ಡೇಟಾ ಯಾವ ರೂಪದಲ್ಲಿ ಕೊಡುತ್ತಾರೆ, ಅದಕ್ಕೆ ದುಡ್ಡು ಉಂಟಾ ಅಂತ ಬರೆಸಿಕೊಳ್ಳಿ. ಸ್ಕ್ಯಾನ್ ಮಾಡಿ ಸೇರಿಸಿದ ಇನ್‌ವಾಯ್ಸ್‌ಗಳೂ ಬರುತ್ತವಾ ಅಂತ ಬೇರೆಯಾಗಿ ಕೇಳಿ. ಟೇಬಲ್‌ಗಳನ್ನು ಕೊಟ್ಟು ಅಟ್ಯಾಚ್‌ಮೆಂಟ್ ಬಿಟ್ಟುಬಿಡುವುದು ಸಾಮಾನ್ಯ. ಆಡಿಟ್‌ನವರು ಎರಡು ವರ್ಷ ಬಿಟ್ಟು ಬಂದು ಕೇಳುವುದು ಆ ಅಟ್ಯಾಚ್‌ಮೆಂಟನ್ನೇ.